ಚಂದ್ರ ಏಕೆ ಸಣ್ಣಗಾಗುತ್ತಾನೆ? ಒಂದೂವರೆ ನಿಮಿಷದ ಅನಿಮೇಷನ್‌ಗೆ ಚಿತ್ರಕಥೆ

‘ಚಂದ್ರ ಏಕೆ ಸಣ್ಣಗಾಗುತ್ತಾನೆ?’ ಎಂದು ನಾಲ್ಕನೇ ತರಗತಿಯಲ್ಲಿ ಕೇಳಿ ನೋಡಿ. ‘ಭೂಮಿಯ ನೆರಳು ಬೀಳುತ್ತದೆ’ ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ದೊಡ್ಡವರಲ್ಲೂ ಹಾಗೆ ನಂಬಿದವರಿದ್ದಾರೆ. ಚಿತ್ರಕಥೆ ಶುರುವಾಗಬೇಕಾದದ್ದು ಈ ತಪ್ಪು ಉತ್ತರದಿಂದಲೇ. ಸರಿ ಉತ್ತರವನ್ನಷ್ಟೇ ಹೇಳಿದರೆ ಮಗು ಅದನ್ನೂ ಕೇಳಿಸಿಕೊಂಡು, ನೆರಳಿನ ಕಥೆಯನ್ನೂ ಉಳಿಸಿಕೊಳ್ಳುತ್ತದೆ.

ಮೊದಲು ಒಂದೇ ಒಂದು ವಾಕ್ಯ ಬರೆದುಕೊಳ್ಳಿ: ‘ಸೂರ್ಯನ ಬೆಳಕು ಚಂದ್ರನ ಅರ್ಧಭಾಗಕ್ಕೆ ಬೀಳುತ್ತದೆ, ಅದರಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದು ದಿನವೂ ಬದಲಾಗುತ್ತದೆ.’ ಇದಕ್ಕೆ ಸೇರದ್ದೆಲ್ಲ ಹೊರಗೆ. ಚಂದ್ರಯಾನವನ್ನು ಬಿಡಲು ಮನಸ್ಸು ಬಾರದು, ಆದರೂ ಬಿಡಿ. ನೆರಳು ನಿಜವಾಗಿ ಬೀಳುವ ಗ್ರಹಣಕ್ಕೆ ಬೇರೆಯೇ ವಿಡಿಯೊ ಬೇಕು.

ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ‘ನೋಟ’, ಬಲಗಡೆ ‘ಮಾತು’ ಎಂದು ಬರೆಯಿರಿ. ಎಡಭಾಗವನ್ನು ಪೂರ್ತಿ ತುಂಬಿಸಿದ ಮೇಲೆ ಬಲಕ್ಕೆ ಬನ್ನಿ. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬೇಕಾಗಿಲ್ಲ.

ನೋಟ 1: ಅಷ್ಟಮಿಯ ಸಂಜೆ ನಾಲ್ಕೂವರೆ. ಪಶ್ಚಿಮದಲ್ಲಿ ಸೂರ್ಯ, ಪೂರ್ವದ ಕಡೆ ಎತ್ತರದಲ್ಲಿ ಅರ್ಧಚಂದ್ರ, ನಡುವೆ ಅಂಗಳದಲ್ಲಿ ಹುಡುಗಿ.
ಮಾತು: ‘ಸೂರ್ಯ ಅಲ್ಲಿದ್ದಾನೆ, ಚಂದ್ರ ಇಲ್ಲಿದ್ದಾನೆ. ನೆರಳು ಬೀಳಿಸಲು ಭೂಮಿ ಅಡ್ಡ ಬಂದದ್ದು ಎಲ್ಲಿ?’

ನೆರಳಿನ ಕಥೆ ಇಲ್ಲೇ ಅಲುಗುತ್ತದೆ. ಚಂದ್ರನ ಬೆಳಗಿದ ಬದಿ ಸೂರ್ಯನ ಕಡೆಗೇ ಇರಲಿ. ಚಿತ್ರಗಾರರು ಎಡವುವುದು ಇಲ್ಲಿ.

ನೋಟ 2: ಕತ್ತಲೆ ಕೋಣೆ, ಒಂದು ಬಲ್ಬ್. ಕಡ್ಡಿಗೆ ಚುಚ್ಚಿದ ಚೆಂಡನ್ನು ಮುಂದಕ್ಕೆ ಹಿಡಿದು ಹುಡುಗಿ ನಿಧಾನವಾಗಿ ಎಡಕ್ಕೆ ತಿರುಗುತ್ತಾಳೆ. ಅವಳ ಕಣ್ಣಿಗೆ ಕಾಣುವ ಚೆಂಡು ಪರದೆಯ ಮೂಲೆಯಲ್ಲಿ.
ಮಾತು: (ಹತ್ತು ಸೆಕೆಂಡು ಮೌನ) ‘ಬಲ್ಬ್ ಬೆನ್ನ ಹಿಂದೆ ಬಂತು. ಚೆಂಡು ಹುಣ್ಣಿಮೆಯಾಯಿತು!’

ಇಲ್ಲಿ ಎರಡು ಎಚ್ಚರಿಕೆ. ಬಲಕ್ಕೆ ತಿರುಗಿಸಿದರೆ ಶುಕ್ಲಪಕ್ಷದ ಚೆಂಡು ಎಡಬದಿಯಲ್ಲಿ ಬೆಳಗಿ, ನಾವು ಆಕಾಶದಲ್ಲಿ ನೋಡುವುದಕ್ಕೆ ತಿರುವುಮುರುವಾಗುತ್ತದೆ. ಚೆಂಡು ತಲೆಗಿಂತ ತುಸು ಮೇಲಿರಬೇಕು; ಇಲ್ಲದಿದ್ದರೆ ಹುಣ್ಣಿಮೆಯ ಹೊತ್ತಿಗೆ ತಲೆಯ ನೆರಳೇ ಚೆಂಡಿನ ಮೇಲೆ ಬಿದ್ದು, ನಾವು ಓಡಿಸಿದ ಕಥೆ ಹಿಂಬಾಗಿಲಿನಿಂದ ಒಳಬರುತ್ತದೆ. ನಿಜವಾದ ಚಂದ್ರನ ದಾರಿಯೂ ಸುಮಾರು 5 ಡಿಗ್ರಿ ವಾಲಿದೆ. ಆದ್ದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಭೂಮಿಯ ನೆರಳು ಅವನಿಗೆ ತಾಗುವುದೇ ಇಲ್ಲ. ಇದು ನಿಮ್ಮ ತಿಳಿವಿಗೆ, ಚಿತ್ರಕಥೆಗೆ ಬೇಡ.

ಸೂರ್ಯ, ಭೂಮಿ, ಚಂದ್ರರನ್ನು ಒತ್ತೊತ್ತಾಗಿ ಸಾಲಿನಲ್ಲಿ ನಿಲ್ಲಿಸುವ ಪಠ್ಯಪುಸ್ತಕದ ಮಾದರಿಯ ಚಿತ್ರವನ್ನು ಬಳಸಲೇಬೇಡಿ. ಭೂಮಿಯನ್ನು ಎರಡು ಸೆಂಟಿಮೀಟರ್ ಅಗಲಕ್ಕೆ ಬರೆದರೆ ಚಂದ್ರ ಸುಮಾರು 60 ಸೆಂಟಿಮೀಟರ್ ಆಚೆಗಿರಬೇಕು. ಅಷ್ಟು ಜಾಗ ಪರದೆಯಲ್ಲಿಲ್ಲ, ಹತ್ತಿರ ತಂದರೆ ಮಗುವಿಗೆ ಕಾಣುವುದು ನೆರಳೇ.

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಉಸಿರು ಕಟ್ಟಿದರೆ ವಾಕ್ಯ ಉದ್ದವಾಗಿದೆ ಎಂದರ್ಥ. ಬಳಿಕ ಒರಟು ಚಿತ್ರಗಳನ್ನು ಇಬ್ಬರು ಮೂವರು ಮಕ್ಕಳಿಗೆ ತೋರಿಸಿ, ‘ಅರ್ಧಚಂದ್ರ ಏಕೆ ಕಾಣುತ್ತಾನೆ, ಬರೆದು ತೋರಿಸು’ ಎಂದು ಪೆನ್ಸಿಲ್ ಕೊಡಿ. ಭೂಮಿಯನ್ನು ನಡುವೆ ಬರೆದು ಕಪ್ಪು ಬಳಿದರೆ, ತಿದ್ದಬೇಕಾದದ್ದು ಮೊದಲ ನೋಟವನ್ನು.