ಮಿಕ್ಸಿ ಬ್ಲೇಡ್ ಮೊಂಡಾಗಿದೆಯೋ, ಬರೀ ಜಿಗುಟೋ?

ಚಟ್ನಿ ಜಾರಿನಲ್ಲಿ ಕಾಯಿ ತರಿತರಿಯಾಗಿಯೇ ಉಳಿಯುತ್ತಿದೆ ಎಂದು ಹೊಸ ಬ್ಲೇಡ್ ಹಾಕಿಸಲು ಹೊರಟಿದ್ದೆ. ಜಾರನ್ನು ಬೆಳಕಿಗೆ ಹಿಡಿದು ಬಾಗಿಸಿದಾಗ ಬ್ಲೇಡಿನ ಅಡಿಯಲ್ಲಿ ಕಂದು ಬಣ್ಣದ ಗಟ್ಟಿ ಪದರ ಕಂಡಿತು. ಮೇಲಿನಿಂದ ಎಷ್ಟು ತಿಕ್ಕಿದರೂ ಸ್ಕ್ರಬ್ಬರ್ ಅಲ್ಲಿಗೆ ಹೋಗುವುದಿಲ್ಲ. ಕಾಯಿಯ ಜಿಡ್ಡು, ಹುಳಿ, ಬೆಲ್ಲ ಎಲ್ಲ ಸೇರಿ ಅಲ್ಲಿ ಒಣಗಿರುತ್ತದೆ.

ಮೊದಲು ಅದನ್ನು ನೆನೆಸಬೇಕು. ಜಾರಿಗೆ ಅರ್ಧದಷ್ಟು ಬಿಸಿನೀರು, ಒಂದು ಚಮಚ ಅಡುಗೆ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ಬಿಡಿ. ನೀರು ಕೈಗೆ ತಡೆಯುವಷ್ಟೇ ಬಿಸಿ ಇರಲಿ. ಕುದಿಯುವ ನೀರು ಹಾಕಿ ಮುಚ್ಚಳ ಮುಚ್ಚಿ ತಿರುಗಿಸಿದರೆ ಹಬೆ ಮುಚ್ಚಳವನ್ನೇ ಎತ್ತಿಬಿಡುತ್ತದೆ. ನೆನೆದ ಮೇಲೆ ಸ್ವಲ್ಪ ನೀರು ಚೆಲ್ಲಿ, ಜಾರಿನ ಮೂರನೇ ಒಂದು ಭಾಗ ಮಾತ್ರ ಉಳಿಸಿ, ಮುಚ್ಚಳ ಒತ್ತಿ ಹಿಡಿದು ಐದೈದು ಸೆಕೆಂಡಿನಂತೆ ನಾಲ್ಕು ಸಲ ತಿರುಗಿಸಿ. ಆಮೇಲೆ ಜಾರನ್ನು ಮಿಕ್ಸಿಯಿಂದ ಕೆಳಗಿಳಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಓರೆಯಾಗಿ ಬ್ಲೇಡಿನಡಿ ತೂರಿಸಿ ಉಜ್ಜಿ. ಬ್ಲೇಡನ್ನು ಬೆರಳಿನಿಂದಲ್ಲ, ಬ್ರಷ್ಷಿನ ಹಿಡಿಯಿಂದ ತಿರುಗಿಸುತ್ತಾ ಹೋಗಿ.

ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ನೊರೆ ಬರುತ್ತದೆ ನಿಜ, ಆದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ಗಡಸು ನೀರಿನ ಬಿಳಿ ಕಲೆ ಇದ್ದರೆ ಸೋಡಾ ತೊಳೆದ ಮೇಲೆ ಪ್ರತ್ಯೇಕವಾಗಿ ನಿಂಬೆರಸ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ.

ಪ್ಲಾಸ್ಟಿಕ್ ಮುಚ್ಚಳದ ಅರಿಶಿನ ಕಲೆಗೆ ತಿಕ್ಕುವುದು ದಂಡ. ಸೋಪು ತಾಗಿದ ಕೂಡಲೇ ಅದು ಕೆಂಪಗಾದರೆ ಗಾಬರಿ ಬೇಡ, ಕ್ಷಾರ ತಾಗಿದ ಅರಿಶಿನದ ಸ್ವಭಾವವೇ ಅದು. ತೊಳೆದು ಬಿಸಿಲಿಗೆ ಇಡಿ. ಒಂದೆರಡು ದಿನದ ಬಿಸಿಲಿಗೆ ಬಣ್ಣ ತಿಳಿಯಾಗುತ್ತದೆ. ರಬ್ಬರ್ ವಾಷರನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಗಟ್ಟಿಯಾಗಿ ಬಿರಿಯುತ್ತದೆ. ಅದನ್ನು ಬಿಡಿಸಿ ಅದು ಕೂರುವ ಸಂದಿಯೊಳಗಿನ ಕೊಳೆ ತೆಗೆಯಿರಿ. ತೊಳೆದ ಜಾರಿಗೂ ವಾಸನೆ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಇನ್ನು ಕಲ್ಲುಪ್ಪು. ಅದು ಬ್ಲೇಡನ್ನು ಹರಿತ ಮಾಡುತ್ತದೆಂಬುದು ನಂಬಿಕೆ ಅಷ್ಟೇ, ಉಕ್ಕಿಗಿಂತ ಉಪ್ಪು ಮೆತ್ತಗಿನದು. ಉಳಿದ ಜಿಗುಟನ್ನು ಮಾತ್ರ ಕೆರೆದು ತೆಗೆಯುತ್ತದೆ. ಒಣ ಜಾರಿಗೆ ಎರಡು ಚಮಚ ಹಾಕಿ ಮೂರು ಸಲ ಚುಟುಕಾಗಿ ತಿರುಗಿಸಿ, ತಕ್ಷಣ ತೊಳೆದು ಒರೆಸಿ. ಉಪ್ಪು ಒದ್ದೆಯಲ್ಲಿ ನಿಂತರೆ ಸ್ಟೀಲಿಗೂ ಚುಕ್ಕೆ ಬೀಳುತ್ತದೆ.

ಈಗ ಹಸಿಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬಿ ನೋಡಿ. ನನ್ನ ಜಾರಿನಲ್ಲಿ ಕಾಯಿ ನುಣ್ಣಗಾಯಿತು, ಬ್ಲೇಡಿನ ಖರ್ಚು ಉಳಿಯಿತು. ನಿಮ್ಮಲ್ಲಿ ಮೆಣಸಿನಕಾಯಿ ಸಿಪ್ಪೆ ಎಳೆ ಎಳೆಯಾಗಿಯೇ ಉಳಿದರೆ ಬ್ಲೇಡ್ ನಿಜಕ್ಕೂ ಸವೆದಿದೆ, ಬದಲಿಸಿ. ಬ್ಲೇಡ್ ಅಲ್ಲಾಡುತ್ತಿದ್ದರೆ ಅಥವಾ ಜಾರಿನ ತಳದಿಂದ ಕಪ್ಪು ನೀರು ಜಿನುಗುತ್ತಿದ್ದರೆ ಸವೆದಿರುವುದು ಒಳಗಿನ ಬುಷ್. ಅಂಥ ಜಾರಿನಲ್ಲಿ ರುಬ್ಬುವುದನ್ನು ನಿಲ್ಲಿಸಿ ರಿಪೇರಿಯವರಿಗೆ ಕೊಡಿ.