ಬಟ್ಟಲಿಗೂ ಒಂದು ಪಾಲು: ಅಲ್ಯೂಮಿನಿಯಂನ ವಿಶಿಷ್ಟೋಷ್ಣ ನಾನು ಅಳೆದ ಬಗೆ

ಬೆಂಗಳೂರಿನ ಪಿಯು ಕಾಲೇಜೊಂದರ ಲ್ಯಾಬಿನಲ್ಲಿ ಈ ಪ್ರಯೋಗವನ್ನು ವರ್ಷವರ್ಷವೂ ಮಾಡಿಸುತ್ತೇನೆ. ಬಿಸಿ ಲೋಹವನ್ನು ತಣ್ಣೀರಿಗೆ ಹಾಕುವುದು, ನೀರು ಎಷ್ಟು ಬಿಸಿಯಾಯಿತು ಅಂತ ನೋಡುವುದು, ಲೋಹ ಕೊಟ್ಟ ಶಾಖ ಮತ್ತು ನೀರು ತೆಗೆದುಕೊಂಡ ಶಾಖ ಸಮ ಅಂತ ಬರೆಯುವುದು. ಅದರಿಂದ ಲೋಹದ ವಿಶಿಷ್ಟೋಷ್ಣ, ಅಂದರೆ ಒಂದು ಗ್ರಾಂ ಲೋಹ ಒಂದು ಡಿಗ್ರಿ ಏರಲು ಬೇಕಾದ ಶಾಖ, ಸಿಗುತ್ತದೆ. ನೋಡಲು ಇಷ್ಟೇ. ಆದರೆ ಶಾಖ ನೀರಿಗೆ ಮಾತ್ರ ಹೋಗುವುದಿಲ್ಲ, ನೀರಿರುವ ಬಟ್ಟಲಿಗೂ ಹೋಗುತ್ತದೆ. ಅದು ಎಷ್ಟು, ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಒಂದು ಅಳತೆಯ ಮೇಲೆಯೇ ತೋರಿಸುತ್ತೇನೆ.

ತಾಮ್ರದ ಬಟ್ಟಲು, ಜೊತೆಗೆ ಕಲಕಲು ತಾಮ್ರದ್ದೇ ಕಡ್ಡಿ. ಎರಡೂ ಸೇರಿ 80 ಗ್ರಾಂ. ಅದರಲ್ಲಿ 100 ಗ್ರಾಂ ನೀರು, 25.0 ಡಿಗ್ರಿ. ಅಲ್ಯೂಮಿನಿಯಂ ಗಟ್ಟಿ 100 ಗ್ರಾಂ. ಅದನ್ನು ದಾರಕ್ಕೆ ಕಟ್ಟಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ನೇತುಹಾಕಿದೆ. ಪಾತ್ರೆಯ ತಳಕ್ಕೆ ಗಟ್ಟಿ ತಾಗಬಾರದು. ತಳ ನೀರಿಗಿಂತ ಜಾಸ್ತಿ ಬಿಸಿ ಇರುತ್ತದೆ.

ಇಲ್ಲೇ ಮೊದಲ ಎಡವಟ್ಟು ಕಾದಿರುತ್ತದೆ. ಕುದಿಯುವ ನೀರು ಅಂದ ಕೂಡಲೇ ಹುಡುಗರು ಸುಮ್ನೆ 100 ಅಂತ ಬರೆದುಬಿಡುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಮಂಗಳೂರಿನ ಲ್ಯಾಬಿನಲ್ಲಿ 100 ಸರಿ, ಇಲ್ಲಿ ಅಲ್ಲ. ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟು ಓದಿದ್ದನ್ನೇ ಬರೆಯಬೇಕು. ಆ ದಿನ ಓದಿದ್ದು 97.0.

ಗಟ್ಟಿಯನ್ನು ದಾರ ಹಿಡಿದು ಎತ್ತಿ, ಒಮ್ಮೆ ಕೊಡವಿ, ಪಕ್ಕದಲ್ಲೇ ಇದ್ದ ಬಟ್ಟಲಿಗೆ ಇಳಿಸಿ, ಮುಚ್ಚಳ ಹಾಕಿ ಕಲಕಿದೆ. ಉಷ್ಣಾಂಶ ಸರಸರ ಏರಿ, ಒಂದು ಕಡೆ ನಿಂತು, ಆಮೇಲೆ ಬಲು ನಿಧಾನವಾಗಿ ಇಳಿಯತೊಡಗುತ್ತದೆ. ನಿಂತ ಜಾಗವೇ ನಮಗೆ ಬೇಕಾದದ್ದು. 36.8 ಬಂತು. ಹತ್ತನೇ ಒಂದು ಡಿಗ್ರಿ ಗೆರೆಗಳಿರುವ ಥರ್ಮಾಮೀಟರ್ ಆದ್ದರಿಂದ ಈ 0.8 ಊಹೆಯಲ್ಲ.

ಈಗ ಲೆಕ್ಕ. ನೀರು ಮತ್ತು ಬಟ್ಟಲು ಎರಡೂ 25.0ರಿಂದ 36.8ಕ್ಕೆ ಏರಿವೆ, ಅಂದರೆ 11.8 ಡಿಗ್ರಿ. ಒಂದು ಡಿಗ್ರಿ ಏರಲು ನೀರಿಗೆ 100 × 4.18 = 418 ಜೂಲ್ ಬೇಕು. ತಾಮ್ರದ ವಿಶಿಷ್ಟೋಷ್ಣ ಗ್ರಾಂಗೆ 0.385 ಜೂಲ್, ಹಾಗಾಗಿ ಬಟ್ಟಲಿಗೆ 80 × 0.385 = 30.8 ಜೂಲ್. ಎರಡೂ ಸೇರಿ 448.8. ಅದನ್ನು 11.8ರಿಂದ ಗುಣಿಸಿದರೆ 5296 ಜೂಲ್. ಇದಿಷ್ಟೂ ಅಲ್ಯೂಮಿನಿಯಂ ಕೊಟ್ಟದ್ದು. ಅದು 97.0ರಿಂದ 36.8ಕ್ಕೆ, ಅಂದರೆ 60.2 ಡಿಗ್ರಿ ಇಳಿದಿದೆ.

5296 ÷ (100 × 60.2) = 0.880

ಪುಸ್ತಕದಲ್ಲಿರುವುದು 0.90. ಬಟ್ಟಲನ್ನು ಬಿಟ್ಟು ನೀರನ್ನಷ್ಟೇ ಹಿಡಿದಿದ್ದರೆ 0.819 ಬರುತ್ತಿತ್ತು. ಬಟ್ಟಲನ್ನು ಸೇರಿಸಿಯೂ 97ರ ಬದಲು 100 ಹಾಕಿದ್ದರೆ 0.838. ಎರಡೂ ತಪ್ಪು ಉತ್ತರವನ್ನು ಕೆಳಕ್ಕೇ ಎಳೆಯುತ್ತವೆ.

ಬಟ್ಟಲಿನ ಪಾಲನ್ನು ಇನ್ನೊಂದು ಥರವೂ ಹೇಳಬಹುದು. 30.8ನ್ನು 4.18ರಿಂದ ಭಾಗಿಸಿದರೆ 7.4. ಶಾಖದ ಲೆಕ್ಕದಲ್ಲಿ 80 ಗ್ರಾಂ ತಾಮ್ರ ಅಂದರೆ 7.4 ಗ್ರಾಂ ನೀರು ಇದ್ದ ಹಾಗೆ. ನೀರು 107.4 ಗ್ರಾಂ ಅಂದುಕೊಂಡು ಬಟ್ಟಲನ್ನು ಮರೆತುಬಿಡಿ, ಅದೇ ಉತ್ತರ ಬರುತ್ತದೆ. ಇದನ್ನೇ ಬಟ್ಟಲಿನ ಜಲಸಮಾನ ಅನ್ನುತ್ತೇವೆ. ನೀರು ಕಡಿಮೆ ಹಾಕಿದಷ್ಟೂ ಈ 7.4ರ ತೂಕ ಜಾಸ್ತಿ ಆಗುತ್ತದೆ ಅಲ್ವಾ? ಅದಕ್ಕೇ ನೀರು ತೀರಾ ಕಡಿಮೆ ಇರಬಾರದು, ಗಟ್ಟಿ ಪೂರ್ತಿ ಮುಳುಗುವಷ್ಟಂತೂ ಇರಲೇಬೇಕು. ತೀರಾ ಜಾಸ್ತಿಯೂ ಬೇಡ, ಏರಿಕೆ ಆದಷ್ಟೂ ಹತ್ತು ಡಿಗ್ರಿ ದಾಟಬೇಕು.

ತಾಮ್ರ ಶಾಖವನ್ನು ಬೇಗ ಹರಡುತ್ತದೆ. ಅದಕ್ಕೇ ಇಡೀ ಬಟ್ಟಲು ನೀರಿನಷ್ಟೇ ಬಿಸಿಯಾಗಿದೆ ಅಂತ ನಂಬಬಹುದು. ಗಾಜಿನ ಬೀಕರ್ ಅಥವಾ ಥರ್ಮಾಸ್ ಆದರೆ ನೀರು ತಾಗಿದ ಭಾಗವಷ್ಟೇ ಬಿಸಿಯಾಗುತ್ತದೆ. ಅಲ್ಲಿ ತೂಕ ಹಿಡಿದು ಲೆಕ್ಕ ಹಾಕಿ ಪ್ರಯೋಜನವಿಲ್ಲ, ಜಲಸಮಾನವನ್ನೇ ಅಳೆಯಬೇಕು. 50 ಗ್ರಾಂ ನೀರು 25 ಡಿಗ್ರಿಯಲ್ಲಿ ಪಾತ್ರೆಯಲ್ಲಿರಲಿ. ಅದಕ್ಕೆ 45 ಡಿಗ್ರಿಯ 50 ಗ್ರಾಂ ನೀರು ಸುರಿಯಿರಿ. ಪಾತ್ರೆ ಏನೂ ತೆಗೆದುಕೊಳ್ಳದಿದ್ದರೆ ಸರಿಯಾಗಿ 35 ಬರಬೇಕು. 34.3 ಬಂದರೆ ಬಿಸಿನೀರು 10.7 ಇಳಿದಿದೆ, ತಣ್ಣೀರು ಮತ್ತು ಪಾತ್ರೆ 9.3 ಏರಿವೆ. 50 × 10.7 ÷ 9.3 = 57.5. ಇದರಲ್ಲಿ ನೀರಿನ 50 ಕಳೆದರೆ ಪಾತ್ರೆಯ ಪಾಲು 7.5 ಗ್ರಾಂ.

ಈ ವಿಧಾನಕ್ಕೆ ಒಂದು ದೌರ್ಬಲ್ಯ ಇದೆ. 34.3 ಓದುವ ಬದಲು 34.2 ಅಂತ ಓದಿದರೆ 7.5 ಹೋಗಿ 8.7 ಆಗುತ್ತದೆ. 34.4 ಅಂದರೆ 6.4. ಹಾಗಾಗಿ ತಾಮ್ರದ ಬಟ್ಟಲಿಗೆ ನಾನು ತಕ್ಕಡಿಯನ್ನೇ ನಂಬುತ್ತೇನೆ, ಥರ್ಮಾಸ್‌ಗೆ ಮಾತ್ರ ಈ ದಾರಿ.

ಇನ್ನು 0.880 ಬಂತಲ್ಲ, ಅದು ಪುಸ್ತಕದ ಬೆಲೆಗೆ ಶೇಕಡಾ ಎರಡರಷ್ಟು ಹತ್ತಿರ ಇದೆ. ಹೆಚ್ಚಿನವರು ಇಲ್ಲಿಗೆ ರೆಕಾರ್ಡ್ ಮುಚ್ಚಿಡುತ್ತಾರೆ. ನಾನು ಕೊನೆಗೆ ಬಟ್ಟಲು, ನೀರು, ಗಟ್ಟಿ ಎಲ್ಲವನ್ನೂ ಒಟ್ಟಿಗೆ ಇನ್ನೊಮ್ಮೆ ತೂಗುತ್ತೇನೆ. 280.0 ಇರಬೇಕಿತ್ತು, 280.3 ತೋರಿಸಿತು. ಕೊಡವಿದರೂ ಗಟ್ಟಿಯ ಮೈಗೆ ಅಂಟಿಕೊಂಡು 0.3 ಗ್ರಾಂ ಕುದಿನೀರು ಬಂದಿದೆ. ಅದು ತಂದ ಶಾಖ 0.3 × 4.18 × 60.2, ಅಂದರೆ ಸುಮಾರು 75 ಜೂಲ್. ಅಲ್ಯೂಮಿನಿಯಂ ಕೊಡದ ಶಾಖವನ್ನು ಅದರ ಲೆಕ್ಕಕ್ಕೆ ಬರೆದಿದ್ದೆವು. ಅದನ್ನು ಕಳೆದರೆ 5220 ಜೂಲ್ ಉಳಿಯುತ್ತದೆ, ಉತ್ತರ 0.867ಕ್ಕೆ ಇಳಿಯುತ್ತದೆ.

ತಿದ್ದಿದ ಮೇಲೆ ಉತ್ತರ ಕೆಟ್ಟಿತಲ್ಲ ಅಂತ ಹುಡುಗರಿಗೆ ಬೇಜಾರು. ನಿಜ ಏನೆಂದರೆ ಎರಡು ತಪ್ಪುಗಳು ಎದುರುಬದುರು ನಿಂತು ಒಂದನ್ನೊಂದು ಮುಚ್ಚಿದ್ದವು. ಅಂಟಿದ ನೀರು ಉತ್ತರವನ್ನು ಮೇಲಕ್ಕೆ ಎತ್ತಿತ್ತು, ದಾರಿಯಲ್ಲಿ ಗಟ್ಟಿ ತಣ್ಣಗಾದದ್ದು ಕೆಳಕ್ಕೆ ತಳ್ಳಿತ್ತು. 0.90 ನಿಜವಾದ ಬೆಲೆ ಅಂತಿಟ್ಟುಕೊಂಡು ತಿರುಗಿ ಲೆಕ್ಕ ಹಾಕಿ: 5220 ಜೂಲ್ ಕೊಡಲು ಗಟ್ಟಿ 58 ಡಿಗ್ರಿ ಇಳಿದರೆ ಸಾಕು. ಅಂದರೆ ಬಟ್ಟಲಿಗೆ ಬೀಳುವಾಗ ಅದು 97ರಲ್ಲಿ ಇರಲಿಲ್ಲ, 95ರ ಆಸುಪಾಸು ಇತ್ತು. ಗಾಳಿಯಲ್ಲಿ ಎತ್ತಿಕೊಂಡು ಬರುವಾಗ, ಮೈಮೇಲಿನ ನೀರು ಆವಿಯಾಗುವಾಗ, ಎರಡು ಡಿಗ್ರಿ ಹೋಗಿದೆ. ಮುಚ್ಚಳ ಹಾಕುವ ಮುಂಚೆ ಬಟ್ಟಲಿನಿಂದಲೂ ಒಂಚೂರು ಹೋಗಿರಬಹುದು.

ಒಣಗಿರಲಿ ಅಂತ ಗಟ್ಟಿಯನ್ನು ಬಟ್ಟೆಯಲ್ಲಿ ಒರೆಸಿದರೆ ಇನ್ನೂ ತಣ್ಣಗಾಗುತ್ತದೆ. ಪ್ರನಾಳದಲ್ಲಿಟ್ಟು, ಪ್ರನಾಳವನ್ನು ಕುದಿನೀರಿಗೆ ಇಳಿಸಿದರೆ ನೀರು ಅಂಟುವುದಿಲ್ಲ. ಆದರೆ ಆಗ ಅರ್ಧ ಗಂಟೆಯಾದರೂ ಕಾಯಬೇಕು, ಒಳಗೆ ಥರ್ಮಾಮೀಟರ್ ಇಟ್ಟು ಲೋಹದ ಉಷ್ಣಾಂಶವನ್ನೇ ಓದಬೇಕು. ಪೀರಿಯಡ್ಡಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ, ಅದಕ್ಕೇ ನನಗೆ ದಾರ ಮತ್ತು ತಕ್ಕಡಿಯ ದಾರಿಯೇ ಒಗ್ಗಿದೆ.

ಲೋಹ ಬದಲಿಸಿದರೆ ಅಳತೆಗಳನ್ನೂ ಬದಲಿಸಬೇಕು. ಸೀಸದ ವಿಶಿಷ್ಟೋಷ್ಣ ಬರೀ 0.128. ಇದೇ ಬಟ್ಟಲಿಗೆ 100 ಗ್ರಾಂ ಸೀಸ ಹಾಕಿದರೆ ನೀರು ಏರುವುದು ಎರಡೇ ಡಿಗ್ರಿ, ಆಗ ಓದುವಾಗಿನ 0.1ರ ತಪ್ಪು ಶೇಕಡಾ ಐದಾಗುತ್ತದೆ. 400 ಗ್ರಾಂ ಹಾಕಿದರೆ ಏಳು ಡಿಗ್ರಿ ದಾಟುತ್ತದೆ. ಸೀಸ ಭಾರವಾದ್ದರಿಂದ ಅಷ್ಟೂ ಇದೇ 100 ಗ್ರಾಂ ನೀರಿನಲ್ಲಿ ಮುಳುಗುತ್ತದೆ, ದಾರ ಮಾತ್ರ ಗಟ್ಟಿಯಾದದ್ದು ಬೇಕು.