ತೋರಿಸಿದ್ದು 1,95,120, ಬಂದದ್ದು 1,92,261

ಫೆಬ್ರವರಿ ಬಂತೆಂದರೆ ನಮ್ಮ ಸಿದ್ದಾಪುರದ ಕಡೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ರೊಬಸ್ಟಾ ಕುಯಿಲು ನಡೆಯುತ್ತಿರುತ್ತದೆ. ವಾರ ವಾರ ಕೂಲಿ ಕೊಡಬೇಕು. ಹೂವಿಗೆ ನೀರು ಹೊಡೆಯಲು ಸ್ಪ್ರಿಂಕ್ಲರ್ ಪೈಪು ಎಳೆಯಬೇಕು, ಡೀಸೆಲ್ ತರಬೇಕು. ಕಾಫಿ ಮಾತ್ರ ಇನ್ನೂ ಕಣದಲ್ಲೇ ಒಣಗುತ್ತಿರುತ್ತದೆ. ಅದನ್ನು ಮಾರಿ ದುಡ್ಡು ಕೈಗೆ ಬರಲು ಇನ್ನೂ ಕೆಲವು ವಾರ ಬೇಕು.

2025ರ ಫೆಬ್ರವರಿಯಲ್ಲಿ ಇದರ ಜೊತೆಗೆ ನಮ್ಮ ಪಂಪಿನ ಮೋಟಾರ್ ಸುಟ್ಟುಹೋಯಿತು. ಒಂದು ಇಕ್ವಿಟಿ ಮ್ಯೂಚುವಲ್ ಫಂಡಿನಲ್ಲಿ ನನ್ನ ಎಸ್‌ಐಪಿ ಇತ್ತು. 2023ರ ಸೆಪ್ಟೆಂಬರ್‌ನಿಂದ ಪ್ರತಿ ತಿಂಗಳು 5ಕ್ಕೆ ಹತ್ತು ಸಾವಿರ. ಒಟ್ಟು 18 ಕಂತು ಕಟ್ಟಿದ್ದೆ. ಸೋಮವಾರ, ಫೆಬ್ರವರಿ 10ರ ಬೆಳಿಗ್ಗೆ ಆ್ಯಪ್ ತೆರೆದಾಗ 1,95,120 ರೂಪಾಯಿ ಅಂತ ತೋರಿಸಿತು. ಪೂರ್ತಿ ತೆಗೆಯಲು ಹಾಕಿಬಿಟ್ಟೆ. ಬುಧವಾರ ಬ್ಯಾಂಕಿಗೆ ಬಂದದ್ದು 1,92,261 ರೂಪಾಯಿ 83 ಪೈಸೆ.

2,858 ರೂಪಾಯಿ ಕಡಿಮೆ. ನಾಲ್ಕೈದು ಆಳಿನ ಒಂದು ದಿನದ ಕೂಲಿಗಿಂತ ಜಾಸ್ತಿ ಅದು. ನನಗೆ ನಿಜಕ್ಕೂ ಬೇಜಾರಾಯಿತು.

ಪಕ್ಕದ ತೋಟದವರು ಕೇಳಿದ ತಕ್ಷಣ, "ಅದು ಸ್ಟ್ಯಾಂಪ್ ಡ್ಯೂಟಿ ಕಣಣ್ಣ, ಈಗ ಮ್ಯೂಚುವಲ್ ಫಂಡಿಗೂ ಹಾಕ್ತಾರೆ" ಅಂದರು. ನಾನೂ ನಂಬಿದೆ. ಜಾಗ ರಿಜಿಸ್ಟರ್ ಮಾಡಿಸಿದವರಿಗೆಲ್ಲ ಸ್ಟ್ಯಾಂಪ್ ಡ್ಯೂಟಿ ಎಂದರೆ ದೊಡ್ಡ ಮೊತ್ತ ಅನ್ನುವುದೇ ತಲೆಯಲ್ಲಿರುತ್ತದೆ, ಅಲ್ವಾ? ಆದರೂ ಮನಸ್ಸು ಒಪ್ಪಲಿಲ್ಲ. ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ರಾತ್ರಿ ಊಟ ಆದಮೇಲೆ ಕಾಗದ ಪೆನ್ನು ಹಿಡಿದು ಕೂತೆ.

ಮೊದಲು ಸ್ಟ್ಯಾಂಪ್ ಡ್ಯೂಟಿಯನ್ನೇ ಹುಡುಕಿದೆ. ಇದು 2020ರ ಜುಲೈ 1ರಿಂದ ಇದೆ. ದರ 0.005 ಶೇಕಡ, ಅಂದರೆ ಒಂದು ಲಕ್ಷಕ್ಕೆ ಐದು ರೂಪಾಯಿ. ಮುಖ್ಯವಾದ ವಿಷಯ ಏನೆಂದರೆ, ಇದನ್ನು ಕೊಳ್ಳುವಾಗ ಹಿಡಿಯುತ್ತಾರೆ, ಮಾರುವಾಗ ಅಲ್ಲ. ನನ್ನ ಸ್ಟೇಟ್‌ಮೆಂಟಿನಲ್ಲಿ ಪ್ರತಿ ಕಂತಿನ ಕೆಳಗೂ `*** Stamp Duty ***` ಎಂದು ಒಂದು ಸಾಲು, ಅದರ ಮುಂದೆ 0.50. ಹತ್ತು ಸಾವಿರದಲ್ಲಿ ಐವತ್ತು ಪೈಸೆ ಕಳೆದು, ಉಳಿದ 9,999 ರೂಪಾಯಿ 50 ಪೈಸೆಗೆ ಯೂನಿಟ್ ಕೊಟ್ಟಿದ್ದಾರೆ. ಹದಿನೆಂಟು ಕಂತಿಗೆ ಸೇರಿ ಒಂಬತ್ತು ರೂಪಾಯಿ. ಆ ಒಂಬತ್ತು ರೂಪಾಯಿ ಕೊಳ್ಳುವಾಗಲೇ ಹೋಗಿತ್ತು. ಆ್ಯಪ್ ತೋರಿಸಿದ 1,95,120ರಲ್ಲಿ ಅದು ಸೇರಿರಲೇ ಇಲ್ಲ. ಹಾಗಾಗಿ ಈ 2,858ರಲ್ಲಿ ಸ್ಟ್ಯಾಂಪ್ ಡ್ಯೂಟಿಯ ಪಾಲು ಸೊನ್ನೆ.

ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?

ನನ್ನ ಹತ್ತಿರ ಇದ್ದದ್ದು 3,600 ಯೂನಿಟ್. 1,95,120ನ್ನು 3,600ರಿಂದ ಭಾಗಿಸಿದರೆ 54.20 ಬರುತ್ತದೆ. ಅದು ಶುಕ್ರವಾರದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಆ ದಿನದ ಬೆಲೆ. ಸೋಮವಾರ ಬೆಳಿಗ್ಗೆ ಆ್ಯಪ್‌ಗೆ ಗೊತ್ತಿರುವುದು ಅಷ್ಟೇ, ಏಕೆಂದರೆ ಆ ದಿನದ ಎನ್‌ಎವಿ ಲೆಕ್ಕ ಆಗುವುದೇ ಮಾರುಕಟ್ಟೆ ಮುಚ್ಚಿದ ಮೇಲೆ. ಆದರೆ ಮಧ್ಯಾಹ್ನ 3 ಗಂಟೆಯ ಒಳಗೆ ಅರ್ಜಿ ಹಾಕಿದರೆ ಸಿಗುವುದು ಅದೇ ದಿನದ ಎನ್‌ಎವಿ. 3 ಗಂಟೆ ದಾಟಿದರೆ ಮುಂದಿನ ಕೆಲಸದ ದಿನದ್ದು. ನಾನು ಹಾಕಿದ್ದು ಹತ್ತು ಗಂಟೆಗೆ. ಅವತ್ತು ಮಾರುಕಟ್ಟೆ ಇಳಿಯಿತು, ನನ್ನ ಫಂಡಿನ ಎನ್‌ಎವಿ 53.75ಕ್ಕೆ ನಿಂತಿತು. ಒಂದು ಯೂನಿಟ್‌ಗೆ 45 ಪೈಸೆ ಕಡಿಮೆ. 3,600 ಯೂನಿಟ್‌ಗೆ 1,620 ರೂಪಾಯಿ.

ಅಂದರೆ ಅರ್ಧಕ್ಕಿಂತ ಜಾಸ್ತಿ ಯಾರೂ ಹಿಡಿದುಕೊಂಡದ್ದಲ್ಲ. ನಾನು ನೋಡಿದ್ದು ಹಳೇ ಬೆಲೆ, ಮಾರಿದ್ದು ಹೊಸ ಬೆಲೆಗೆ. ಗೋಣಿಕೊಪ್ಪದಲ್ಲಿ ಕಾಫಿ ಮಾರುವಾಗಲೂ ಹೀಗೇ ಅಲ್ವಾ? ಶುಕ್ರವಾರ ಕೇಳಿಕೊಂಡ ರೇಟು ಸೋಮವಾರ ಮೂಟೆ ಇಳಿಸುವಾಗ ಇರಬೇಕೆಂದಿಲ್ಲ. ಮಾರುಕಟ್ಟೆ ಏರಿದ್ದರೆ ನನಗೆ ಜಾಸ್ತಿಯೇ ಬರುತ್ತಿತ್ತು.

ಉಳಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಎಕ್ಸಿಟ್ ಲೋಡ್, ಅಂದರೆ ಬೇಗ ದುಡ್ಡು ತೆಗೆದರೆ ಹಿಡಿಯುವ ಶುಲ್ಕ. ಇಲ್ಲೇ ನಾನು ಪೂರ್ತಿ ತಪ್ಪು ತಿಳಿದುಕೊಂಡಿದ್ದೆ. ಫಂಡಿನ ವಿವರದಲ್ಲಿ ಒಂದು ವರ್ಷದ ಒಳಗೆ ತೆಗೆದರೆ ಒಂದು ಶೇಕಡ ಎಂದು ಇತ್ತು. ನಾನು ಶುರು ಮಾಡಿ ಒಂದೂವರೆ ವರ್ಷ ಆಯಿತಲ್ಲ, ನನಗೆ ಅನ್ವಯಿಸುವುದಿಲ್ಲ ಅಂದುಕೊಂಡೆ. ಆದರೆ ವರ್ಷದ ಲೆಕ್ಕ ಎಸ್‌ಐಪಿ ಶುರುವಾದ ದಿನದಿಂದ ಅಲ್ಲ. ಪ್ರತಿ ಕಂತಿಗೂ ಅದರದ್ದೇ ವರ್ಷ. ಆ ಕಂತಿನ ಯೂನಿಟ್ ಯಾವ ದಿನ ಸಿಕ್ಕಿತೋ ಅಲ್ಲಿಂದ ಎಣಿಸಬೇಕು.

ಎಣಿಸಿ ನೋಡಿದೆ. 2023ರ ಸೆಪ್ಟೆಂಬರ್‌ನಿಂದ 2024ರ ಫೆಬ್ರವರಿವರೆಗಿನ ಆರು ಕಂತಿಗೆ ವರ್ಷ ತುಂಬಿತ್ತು. ಅವುಗಳಲ್ಲಿ ಇದ್ದದ್ದು 1,300 ಯೂನಿಟ್. 2024ರ ಮಾರ್ಚ್‌ನಿಂದ ಈಚಿನ ಹನ್ನೆರಡು ಕಂತಿಗೆ ತುಂಬಿರಲಿಲ್ಲ. ಅವು 2,300 ಯೂನಿಟ್. 2,300ನ್ನು 53.75ರಿಂದ ಗುಣಿಸಿದರೆ 1,23,625. ಅದರ ಒಂದು ಶೇಕಡ 1,236 ರೂಪಾಯಿ 25 ಪೈಸೆ. ಗಮನಿಸಿ, ಈ ಒಂದು ಶೇಕಡ ನಾನು ಕಟ್ಟಿದ 1,20,000ದ ಮೇಲೂ ಅಲ್ಲ, ಬರೀ ಲಾಭದ ಮೇಲೂ ಅಲ್ಲ. ಮಾರುವ ದಿನದ ಪೂರ್ತಿ ಬೆಲೆಯ ಮೇಲೆ. ನಷ್ಟದಲ್ಲಿ ಮಾರಿದರೂ ಇದನ್ನು ಹಿಡಿಯುತ್ತಾರೆ.

ಇನ್ನು ಉಳಿದದ್ದು 1 ರೂಪಾಯಿ 92 ಪೈಸೆ. ಅದು ಎಸ್‌ಟಿಟಿ, ಇಕ್ವಿಟಿ ಫಂಡಿನ ಯೂನಿಟ್ ವಾಪಸ್ ಕೊಡುವಾಗ ಲಕ್ಷಕ್ಕೆ ಒಂದು ರೂಪಾಯಿಯಂತೆ ಹಿಡಿಯುವ ತೆರಿಗೆ. 1,620, 1,236.25, 1.92. ಕೂಡಿಸಿದರೆ 2,858 ರೂಪಾಯಿ 17 ಪೈಸೆ. ಪೈಸೆಗೆ ಪೈಸೆ ತಾಳೆಯಾಯಿತು. ಅವತ್ತು ರಾತ್ರಿ ಸಮಾಧಾನವಾಗಿ ಮಲಗಿದೆ.

ಒಂದು ಅನುಮಾನ ಇನ್ನೂ ಉಳಿದಿತ್ತು. ಈ 1,236 ರೂಪಾಯಿ ಮಡಿಕೇರಿಯಲ್ಲಿರುವ ನಮ್ಮ ಏಜೆಂಟರಿಗೆ ಹೋಗುತ್ತದೆಯೇ? ಫೋನ್ ಮಾಡಿ ನೇರವಾಗಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಇಲ್ಲ ಸಾರ್, ಜಿಎಸ್‌ಟಿ ಕಳೆದು ಉಳಿದದ್ದು ಅದೇ ಸ್ಕೀಮಿಗೆ ವಾಪಸ್ ಸೇರುತ್ತೆ. ಫಂಡಿನಲ್ಲಿ ಉಳಿದಿರುವವರಿಗೆ ಅದು" ಅಂದರು. ಆಮೇಲೆ ಸ್ಕೀಮಿನ ದಾಖಲೆ ಓದಿದಾಗ ಅಲ್ಲೂ ಹಾಗೇ ಇತ್ತು. ಬೇಗ ಹೊರಡುವವರಿಂದ ಉಳಿದವರಿಗೆ ಆಗುವ ಖರ್ಚನ್ನು ಹೊರಡುವವರೇ ಸ್ವಲ್ಪ ಹೊರಲಿ ಎನ್ನುವ ವ್ಯವಸ್ಥೆ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಯೂನಿಟ್ ಮಾರುವ ಪುಟದಲ್ಲೇ ಎಷ್ಟು ಯೂನಿಟ್‌ಗೆ ಲೋಡ್ ಬೀಳುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಬೇಕು ಎನ್ನುವುದು ಮಾತ್ರ ನನ್ನ ಗಟ್ಟಿ ಅಭಿಪ್ರಾಯ. ನಾನು ಬಳಸುತ್ತಿದ್ದ ಆ್ಯಪ್‌ನಲ್ಲಿ ಅದು ಕಣ್ಣಿಗೆ ಬೀಳುವಂತಿರಲಿಲ್ಲ.

ಲೆಕ್ಕ ಮುಗಿಸಿದ ಮೇಲೆ ಹೊಳೆದದ್ದು ಇನ್ನೊಂದು. ಆ ವಾರ ನನಗೆ ಬೇಕಿದ್ದದ್ದು ಮೋಟಾರಿಗೂ ಕೂಲಿಗೂ ಸೇರಿ ಸುಮಾರು ಅರವತ್ತೈದು ಸಾವಿರ. ಫಂಡಿನವರು ಮೊದಲು ಕೊಂಡ ಯೂನಿಟನ್ನೇ ಮೊದಲು ಮಾರುತ್ತಾರೆ. ನಾನು 1,300 ಯೂನಿಟ್ ಮಾತ್ರ ತೆಗೆದಿದ್ದರೆ, ವರ್ಷ ತುಂಬಿದ ಆ ಆರು ಕಂತೇ ಹೋಗುತ್ತಿದ್ದವು. 1,300ನ್ನು 53.75ರಿಂದ ಗುಣಿಸಿದರೆ 69,875 ರೂಪಾಯಿ. ಒಂದು ಪೈಸೆ ಲೋಡ್ ಇಲ್ಲ. ಉಳಿದದ್ದು ಬೇಕಾದದ್ದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಇನ್ನೊಂದು ಕಂತಿಗೆ ವರ್ಷ ತುಂಬಿರುತ್ತಿತ್ತು, ಕಾಫಿಯೂ ಒಣಗಿರುತ್ತಿತ್ತು. ಹಾಗಂತ ಲೋಡ್ ಉಳಿಸಲು ಕೂಲಿ ತಡ ಮಾಡುವುದು ಸರಿಯಲ್ಲ. ಒಂದು ಕಂತಿಗೆ ಬೀಳುವ ಲೋಡ್ ನೂರು ರೂಪಾಯಿ ಆಸುಪಾಸು. ನಿಜವಾದ ಅಗತ್ಯ ಇದ್ದರೆ ಅದನ್ನು ಕೊಟ್ಟು ತೆಗೆಯಬೇಕು.

ಲಾಭದ ಮೇಲಿನ ತೆರಿಗೆ ಈ 2,858ರಲ್ಲಿ ಸೇರಿಲ್ಲ. ಇಲ್ಲೇ ಇರುವ ನಮ್ಮಂಥವರಿಗೆ ಅದನ್ನು ಫಂಡಿನವರು ಹಿಡಿದುಕೊಳ್ಳುವುದಿಲ್ಲ, ರಿಟರ್ನ್ ಹಾಕುವಾಗ ನಾವೇ ಲೆಕ್ಕ ಹಾಕಬೇಕು. ದುಬೈಯಲ್ಲಿರುವ ನನ್ನ ಭಾವನ ವಿಷಯ ಬೇರೆ. ಅವರು ಎನ್‌ಆರ್‌ಐ ಆದ್ದರಿಂದ ಲಾಭಕ್ಕೆ ಟಿಡಿಎಸ್ ಕಡಿದೇ ದುಡ್ಡು ಬರುತ್ತದೆ. ಮನೆಯಲ್ಲಿ ಹೊರದೇಶದಲ್ಲಿರುವವರ ಹೆಸರಿನ ಫಂಡ್ ಇದ್ದರೆ ಇದನ್ನೂ ನೋಡಿಕೊಳ್ಳಿ.

ಈಗ ಕುಯಿಲಿನ ಖರ್ಚಿನ ದುಡ್ಡನ್ನು ಇಕ್ವಿಟಿಯಲ್ಲಿ ಇಡುವುದೇ ಇಲ್ಲ. ಕಾಫಿ ಮಾರಿದ ದುಡ್ಡಿನಲ್ಲಿ ಮುಂದಿನ ಕುಯಿಲಿಗೆ ಬೇಕಾದಷ್ಟನ್ನು ಲಿಕ್ವಿಡ್ ಫಂಡಿಗೆ ಹಾಕುತ್ತೇನೆ. ಅಲ್ಲೂ ಎಕ್ಸಿಟ್ ಲೋಡ್ ಇದೆ, ಆದರೆ ಮೊದಲ ಆರು ದಿನ ಮಾತ್ರ. ಮೊದಲ ದಿನ ತೆಗೆದರೆ ಲಕ್ಷಕ್ಕೆ ಏಳು ರೂಪಾಯಿ, ದಿನ ದಿನ ಐವತ್ತು ಪೈಸೆ ಇಳಿದು ಆರನೇ ದಿನ ನಾಲ್ಕೂವರೆ. ಏಳನೇ ದಿನದಿಂದ ಏನೂ ಇಲ್ಲ. ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ ಲಕ್ಷಕ್ಕೆ ಐದು ರೂಪಾಯಿ, ಅಷ್ಟೇ.

ಅದೇ 2025ರ ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಅಕ್ಕ ಬಂದರು. ಮಗಳ ಕಾಲೇಜು ಫೀಸಿಗೆ ಫಂಡಿನ ದುಡ್ಡು ತೆಗೆಯಬೇಕು ಅಂದರು. 2024ರ ಏಪ್ರಿಲ್ 22ಕ್ಕೆ ಒಂದೇ ಸಲ ಎರಡು ಲಕ್ಷ ಹಾಕಿದ್ದರು. ಸ್ಟೇಟ್‌ಮೆಂಟ್ ನೋಡಿದೆವು. ಸ್ಟ್ಯಾಂಪ್ ಡ್ಯೂಟಿ ಹತ್ತು ರೂಪಾಯಿ ಅವತ್ತೇ ಹೋಗಿದೆ. ಎಕ್ಸಿಟ್ ಲೋಡ್ ಒಂದು ವರ್ಷದ ಒಳಗೆ ಒಂದು ಶೇಕಡ. ಅವರು ಬಂದದ್ದು ಏಪ್ರಿಲ್ 14ಕ್ಕೆ.

"ಫೀಸು ಕಟ್ಟಲು ಕೊನೇ ದಿನ ಯಾವತ್ತು ಅಕ್ಕ?" ಎಂದೆ.

"30ನೇ ತಾರೀಕು" ಅಂದರು.

ಇಕ್ವಿಟಿ ಫಂಡಿನ ದುಡ್ಡು ಬ್ಯಾಂಕಿಗೆ ಬರಲು ಎರಡು ಕೆಲಸದ ದಿನ ಬೇಕು. ಮಧ್ಯೆ ಶನಿವಾರ, ಭಾನುವಾರ ಬರುತ್ತದೆ. ಇನ್ನು ಒಂದು ವರ್ಷ ಎನ್ನುವುದನ್ನು ಕೆಲವು ಸ್ಕೀಮುಗಳು 365 ದಿನ ಎಂದು ಬರೆದಿರುತ್ತವೆ, ಕೆಲವು ವರ್ಷ ತುಂಬಿದ ದಿನವನ್ನೂ ಒಳಗೇ ಸೇರಿಸುತ್ತವೆ. ಅಂಚಿನಲ್ಲಿ ಹಾಕಿ ಆಮೇಲೆ ಕೊರಗುವುದು ಬೇಡ ಎಂದು ಎರಡು ದಿನ ಬಿಟ್ಟು, ಗುರುವಾರ 24ಕ್ಕೆ ಬೆಳಿಗ್ಗೆ ಹಾಕಲು ಹೇಳಿದೆ. ಮಧ್ಯೆ ಮಾರುಕಟ್ಟೆ ಇಳಿದರೆ ಉಳಿಸಿದ ಲೋಡಿಗಿಂತ ಜಾಸ್ತಿಯೇ ಹೋಗಬಹುದು ಎಂದೂ ತಿಳಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, ಕಾಯುತ್ತೇನೆ ಅಂದರು.

ಸೋಮವಾರ 28ಕ್ಕೆ ಅವರ ಫೋನ್ ಬಂತು. ದುಡ್ಡು ಬಂದಿದೆ, ಸ್ಟೇಟ್‌ಮೆಂಟಿನಲ್ಲಿ ಲೋಡ್ ಕಡಿದಿಲ್ಲ, ಎಸ್‌ಟಿಟಿ ಮಾತ್ರ ಎರಡು ರೂಪಾಯಿ ಚಿಲ್ಲರೆ ಹೋಗಿದೆ ಅಂದರು. ಮರುದಿನವೇ ಫೀಸು ಕಟ್ಟಿಬಂದರು.